210 ಬಂದವರು ಮನೆಯಲ್ಲಿ, 184 ಬಂದವರು 108ರಲ್ಲಿ

ಬಿಪಿ ಮಷಿನ್ ಈಗ ಮನೆಮನೆಗೆ ಬಂದಿದೆ. ಒಳ್ಳೆಯದೇ ಆಯಿತು. ಆದರೆ ಮಷಿನ್ ಜೊತೆಗೆ ಒಂದು ತಪ್ಪು ನಂಬಿಕೆಯೂ ಬಂದಿದೆ. ಅಂಕಿ ಎಷ್ಟು ದೊಡ್ಡದೋ ಅಪಾಯ ಅಷ್ಟು ಹತ್ತಿರ, ಅದನ್ನು ಎಷ್ಟು ಬೇಗ ಇಳಿಸಿದರೆ ಅಷ್ಟು ಒಳ್ಳೆಯದು ಅಂತ. ಎರಡೂ ತಪ್ಪು. ಎರಡನೆಯದು ಜೀವಕ್ಕೇ ಕುತ್ತು ತರಬಹುದು.

ಎರಡು ಉದಾಹರಣೆ ತೆಗೆದುಕೊಳ್ಳೋಣ. ಅಫಜಲಪುರ ಕಡೆಯ ಒಂದು ಹಳ್ಳಿ. ಅರವತ್ತು ದಾಟಿದ ಒಬ್ಬರು, ಹತ್ತು ವರ್ಷದಿಂದ ಬಿಪಿ ಇದೆ. ಗುಳಿಗೆ ಮುಗಿದು ಮೂರು ವಾರ ಆಗಿದೆ, ತೊಗರಿ ರಾಶಿಯ ಗಡಿಬಿಡಿಯಲ್ಲಿ ತರಲು ಆಗಿಲ್ಲ. ಮಗ ಸುಮ್ನೆ ನೋಡೋಣ ಅಂತ ಪಟ್ಟಿ ಕಟ್ಟಿದರೆ 210/117. ಮಗನ ಎದೆ ಧಸಕ್ ಅಂತು. "ಅಪ್ಪಾ, ಬಿಪಿ ಭಾಳ ಏರ್ಯಾದ, ನಡೀ ದವಾಖಾನಿಗೆ." ಅಪ್ಪ ರೊಟ್ಟಿ ಮುರಿಯುತ್ತಾ, "ನನಗೇನ್ ಆಗ್ಯಾದೋ, ಆರಾಮ ಅದೀನಿ" ಅನ್ನುತ್ತಾರೆ. ಇನ್ನೊಂದು ಕಲಬುರಗಿಯ ಒಂದು ಮನೆ. ಐವತ್ತರ ಆಸುಪಾಸಿನ ತಾಯಿ, ರಾತ್ರಿ ಮಲಗಿದರೆ ಉಸಿರು ಸಿಗುತ್ತಿಲ್ಲ, ಎದ್ದು ಕೂತರೆ ಸ್ವಲ್ಪ ಹಗುರ. ಮಾತಾಡುವಾಗ ವಾಕ್ಯ ಪೂರ್ತಿ ಮಾಡಲಾಗುತ್ತಿಲ್ಲ. ಅವರ ಬಿಪಿ 184/122.

ಇವರಿಬ್ಬರಲ್ಲಿ ಈಗಿಂದೀಗಲೇ ಆಸ್ಪತ್ರೆಗೆ ಹೋಗಬೇಕಾದವರು ಆ ತಾಯಿ. ರೊಟ್ಟಿ ಮುರಿಯುತ್ತಿರುವ ಅಪ್ಪನಿಗೆ ಇವತ್ತೋ ನಾಳೆಯೋ ಡಾಕ್ಟರ್ ಬೇಕು, ಆಂಬುಲೆನ್ಸ್ ಬೇಡ.

ಮೇಲಿನ ಅಂಕಿ 180 ದಾಟಿದರೆ ಅಥವಾ ಕೆಳಗಿನದು 120 ದಾಟಿದರೆ ಡಾಕ್ಟರುಗಳು ಎಚ್ಚರಗೊಳ್ಳುತ್ತಾರೆ. ಆದರೆ ಅವರು ಮೊದಲು ಕೇಳುವ ಪ್ರಶ್ನೆ ಅಂಕಿಯದ್ದಲ್ಲ. ಈ ಒತ್ತಡ ಈಗ, ಈ ಗಳಿಗೆಯಲ್ಲಿ, ಯಾವುದಾದರೂ ಅಂಗವನ್ನು ಕೆಡಿಸುತ್ತಿದೆಯೇ? ಮೆದುಳು, ಹೃದಯ, ಶ್ವಾಸಕೋಶ, ಮೂತ್ರಪಿಂಡ, ಕಣ್ಣು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಇಷ್ಟನ್ನು ನೋಡುತ್ತಾರೆ. ಕೆಡಿಸುತ್ತಿದ್ದರೆ ಅದು ಹೈಪರ್‌ಟೆನ್ಸಿವ್ ಎಮರ್ಜೆನ್ಸಿ. ಇಲ್ಲದಿದ್ದರೆ ಹೈಪರ್‌ಟೆನ್ಸಿವ್ ಅರ್ಜೆನ್ಸಿ. ಅರ್ಜೆನ್ಸಿ ಅನ್ನುವ ಹೆಸರೇ ಜನರನ್ನು ಸುಮ್ಮನೆ ಓಡಿಸುತ್ತದೆ ಅಂತ ಈಚೆಗೆ ಅನೇಕ ತಜ್ಞರು ಅದನ್ನು ಕೈಬಿಡುತ್ತಿದ್ದಾರೆ, ಬರೀ ತೀವ್ರ ಬಿಪಿ ಅನ್ನುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಅಂಕಿ ಮತ್ತು ಅಪಾಯ ಬೇರೆ ಬೇರೆ ಅನ್ನುವುದಕ್ಕೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಕಥೆ ನೋಡಿ. 1944ರ ಮಾರ್ಚ್‌ನಲ್ಲಿ ಬ್ರೂಯೆನ್ ಎಂಬ ಹೃದಯ ವೈದ್ಯರು ಅವರನ್ನು ಪರೀಕ್ಷಿಸಿದಾಗ ಬಿಪಿ 186/108. ಅಂಕಿ ಮಾತ್ರ ನೋಡಿದರೆ ನಮ್ಮ ಅಫಜಲಪುರದ ಅಪ್ಪನಿಗಿಂತ ಕಡಿಮೆ. ಆದರೆ ರೂಸ್‌ವೆಲ್ಟ್‌ಗೆ ಏದುಸಿರು ಇತ್ತು, ಹೃದಯ ಸೋಲುತ್ತಿತ್ತು. 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗದಲ್ಲಿ ಭಯಂಕರ ನೋವು ಅಂದವರು ಪ್ರಜ್ಞೆ ತಪ್ಪಿದರು. ಆಗ ಬಿಪಿ 300/190. ಮೆದುಳಿನಲ್ಲಿ ರಕ್ತಸ್ರಾವವಾಗಿ ಅವತ್ತೇ ತೀರಿಕೊಂಡರು. ಜಗತ್ತಿನಲ್ಲೇ ಬಲಿಷ್ಠ ದೇಶದ ಅಧ್ಯಕ್ಷನಿಗೆ ಕೊಡಲು ಆಗ ಸರಿಯಾದ ಬಿಪಿ ಗುಳಿಗೆಯೇ ಇರಲಿಲ್ಲ. ಇವತ್ತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಮ್ಲೋಡಿಪಿನ್ ಪುಕ್ಕಟೆ ಸಿಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಅಭ್ಯಾಸಕ್ಕೆ ಬರುತ್ತೇನೆ. 210 ಕಂಡ ತಕ್ಷಣ ಹಳ್ಳಿಯಲ್ಲಿ ಯಾರೋ ನಾಲಿಗೆ ಕೆಳಗೆ ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ಹಿಂಡುತ್ತಾರೆ. ಅರ್ಧ ಗಂಟೆಯಲ್ಲಿ ಮಷಿನ್ 130/80 ತೋರಿಸುತ್ತದೆ. ಎಲ್ಲರಿಗೂ ಖುಷಿ. ಆದರೆ ಒಳಗೆ ಮೆದುಳಿಗೆ ಏನಾಯಿತು?

ಮೆದುಳು ತನಗೆ ಬೇಕಾದ ರಕ್ತವನ್ನು ತಾನೇ ಅಳೆದು ತೆಗೆದುಕೊಳ್ಳುತ್ತದೆ. ಶಹಾಪುರ, ಸುರಪುರ ಕಡೆ ನಾರಾಯಣಪುರ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರಿಗೆ ಇದು ಬೇಗ ತಿಳಿಯುತ್ತದೆ. ಕಾಲುವೆಯಲ್ಲಿ ನೀರು ಜಾಸ್ತಿ ಬಂದರೆ ತೂಬು ಇಳಿಸುತ್ತಾರೆ, ಕಡಿಮೆ ಬಂದರೆ ಎತ್ತುತ್ತಾರೆ, ಗದ್ದೆಗೆ ಹೋಗುವ ನೀರು ಮಾತ್ರ ಅಷ್ಟೇ ಇರುತ್ತದೆ. ಮೆದುಳಿನ ಸಣ್ಣ ರಕ್ತನಾಳಗಳೂ ಹೀಗೇ. ಒತ್ತಡ ಏರಿದರೆ ಸಂಕುಚಿಸುತ್ತವೆ, ಇಳಿದರೆ ಅಗಲವಾಗುತ್ತವೆ. ಇದಕ್ಕೆ ಒಂದು ಮಿತಿ ಇದೆ. ಆರೋಗ್ಯವಂತರಲ್ಲಿ ಸರಾಸರಿ ಒತ್ತಡ, ಅಂದರೆ ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವೆ ಬರುವ ಒಂದು ಅಂಕಿ, ಸುಮಾರು 60ರಿಂದ 150ರವರೆಗೆ ಇದ್ದಾಗ ಇದು ನಡೆಯುತ್ತದೆ. 60ಕ್ಕಿಂತ ಕೆಳಗೆ ಹೋದರೆ ತೂಬು ಪೂರ್ತಿ ಎತ್ತಿದರೂ ನೀರು ಸಾಲದು. 150ಕ್ಕಿಂತ ಮೇಲೆ ಹೋದರೆ ತೂಬು ತಡೆಯಲಾರದೆ ನೀರು ನುಗ್ಗುತ್ತದೆ, ಮೆದುಳು ಊದಿಕೊಳ್ಳುತ್ತದೆ. ತಬ್ಬಿಬ್ಬು, ವಾಂತಿ, ಕಣ್ಣು ಮಂಜು, ಫಿಟ್ಸ್ ಬರುವುದು ಆಗಲೇ.

ವರ್ಷಗಟ್ಟಲೆ ಬಿಪಿ ಏರಿಯೇ ಇದ್ದವರಲ್ಲಿ ಈ ರಕ್ತನಾಳಗಳ ಗೋಡೆ ದಪ್ಪವಾಗುತ್ತದೆ. ಅಂದರೆ ತೂಬು ಅರ್ಧ ಇಳಿದ ಜಾಗದಲ್ಲೇ ತುಕ್ಕು ಹಿಡಿದು ಕೂತ ಹಾಗೆ. ಹೆಚ್ಚಿನ ಒತ್ತಡವನ್ನು ತಡೆಯಲು ಅದು ಒಗ್ಗಿಕೊಂಡಿದೆ, ಅದಕ್ಕೇ ಆ ಅಪ್ಪ 210 ಇಟ್ಟುಕೊಂಡೂ ಆರಾಮಾಗಿ ಊಟ ಮಾಡುತ್ತಿದ್ದಾರೆ. ಆದರೆ ಒತ್ತಡ ಇಳಿದಾಗ ಬೇಗ ತೆರೆದುಕೊಳ್ಳಲು ಅದಕ್ಕೆ ಆಗುವುದಿಲ್ಲ. ಇಂಥವರಲ್ಲಿ ಕೆಳಗಿನ ಮಿತಿಯೇ 60ರಿಂದ ಸುಮಾರು 110ರವರೆಗೂ ಮೇಲಕ್ಕೆ ಸರಿದಿರಬಹುದು.

ಒಂದು ಸಣ್ಣ ಲೆಕ್ಕ ಮಾಡೋಣ. ಸರಾಸರಿ ಒತ್ತಡ ಅಂದರೆ ಕೆಳಗಿನ ಅಂಕಿಗೆ ಎರಡೂ ಅಂಕಿಗಳ ವ್ಯತ್ಯಾಸದ ಮೂರನೇ ಒಂದು ಭಾಗ ಸೇರಿಸುವುದು. 210/117ರಲ್ಲಿ ವ್ಯತ್ಯಾಸ 93, ಅದರ ಮೂರನೇ ಒಂದು ಭಾಗ 31, ಒಟ್ಟು 148. ಕ್ಯಾಪ್ಸೂಲ್ ಹಿಂಡಿ 130/80 ಮಾಡಿದರೆ ಸರಾಸರಿ 97. ನಿಮಗೂ ನನಗೂ 97 ಚೆನ್ನಾಗಿಯೇ ಇದೆ. ಕೆಳಗಿನ ಮಿತಿ 110 ಆಗಿರುವವರಿಗೆ ಅದು ಬರಗಾಲ. ಕೈಕಾಲು ಬೀಳುವುದು, ಹೃದಯಾಘಾತ ಆಗುವುದು ಬಿಪಿ "ಸರಿಹೋದ" ಮೇಲೆ! ಆಮೇಲೆ ಮನೆಯವರು ಬಿಪಿ ಏರಿ ಲಕ್ವಾ ಹೊಡೆಯಿತು ಅನ್ನುತ್ತಾರೆ. 1996ರಲ್ಲೇ ಗ್ರಾಸ್‌ಮನ್, ಮೆಸ್ಸರ್ಲಿ ಮತ್ತವರ ಜೊತೆಯವರು ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಥ ಅನಾಹುತಗಳನ್ನು ಒಟ್ಟುಗೂಡಿಸಿ ಬರೆದು, ಈ ಪದ್ಧತಿ ನಿಲ್ಲಿಸಿ ಎಂದರು. ಇಷ್ಟು ವರ್ಷ ಕಳೆದರೂ ನಾಲಿಗೆ ಕೆಳಗೆ ಹಿಂಡುವುದು ನಿಂತಿಲ್ಲ ಅನ್ನುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಅದಕ್ಕೇ ನಿಜವಾದ ಎಮರ್ಜೆನ್ಸಿಯಲ್ಲೂ, ಐಸಿಯುನಲ್ಲಿ ರಕ್ತನಾಳಕ್ಕೆ ಔಷಧಿ ಹನಿಸುವಾಗಲೂ, ಸಾಮಾನ್ಯವಾಗಿ ಮೊದಲ ಒಂದು ಗಂಟೆಯಲ್ಲಿ ಸರಾಸರಿಯ ಕಾಲು ಭಾಗಕ್ಕಿಂತ ಜಾಸ್ತಿ ಇಳಿಸುವುದಿಲ್ಲ. ಮುಂದಿನ ಕೆಲವು ಗಂಟೆಗಳಲ್ಲಿ 160/100ರ ಹತ್ತಿರ, ಆಮೇಲೆ ಒಂದೆರಡು ದಿನದಲ್ಲಿ ಮಾಮೂಲಿಗೆ. 148ರ ಕಾಲು ಭಾಗ 37, ಕಳೆದರೆ 111. ಮಿತಿಯ ಅಂಚಿನಲ್ಲೇ ನಿಲ್ಲುತ್ತದೆ, ನೋಡಿ. ದೊಡ್ಡ ರಕ್ತನಾಳ ಸೀಳಿದ್ದರೆ ಮಾತ್ರ ಮೇಲಿನ ಅಂಕಿಯನ್ನು ಬೇಗ 120ಕ್ಕೆ ಇಳಿಸಬೇಕು. ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೆದವರಲ್ಲಿ, ಹೆಪ್ಪು ಕರಗಿಸುವ ಔಷಧಿ ಕೊಡುತ್ತಿಲ್ಲವಾದರೆ, 220/120ರವರೆಗೂ ಮುಟ್ಟದೆ ಬಿಡುವುದುಂಟು. ಯಾವುದು ಹೆಪ್ಪು, ಯಾವುದು ರಕ್ತಸ್ರಾವ ಅಂತ ಸಿಟಿ ಸ್ಕ್ಯಾನ್ ಇಲ್ಲದೆ ಯಾರೂ ಹೇಳಲಾರರು. ಮನೆಯಲ್ಲಿ ಕೂತು ಇಳಿಸುವ ಕೆಲಸವೇ ಅಲ್ಲ ಇದು.

ಹಾಗಾದರೆ ಯಾವಾಗ ಓಡಬೇಕು? ಅಂಕಿ 180 ಅಥವಾ 120 ದಾಟಿದೆ, ಜೊತೆಗೆ ಎದೆ ನೋವು ಅಥವಾ ಏದುಸಿರು ಇದೆ ಅಂದರೆ ಒಂದು ನಿಮಿಷವೂ ಕಾಯಬೇಡಿ. ಬೆನ್ನು ಅಥವಾ ಎದೆ ಹರಿದಂತೆ ಒಮ್ಮೆಲೇ ನೋವು ಬಂದರೆ, ಮುಖ ವಾರೆಯಾದರೆ, ಒಂದು ಕಡೆಯ ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಕಣ್ಣು ಮಂಜಾದರೆ, ತಬ್ಬಿಬ್ಬಾಗಿ ಏನೇನೋ ಮಾತಾಡಿದರೆ, ಫಿಟ್ಸ್ ಬಂದರೆ, ಹಿಂದೆಂದೂ ಬಾರದಂಥ ತಲೆನೋವು ವಾಂತಿಯೊಂದಿಗೆ ಬಂದರೆ ಕೂಡಲೇ 108. ಇವು ಬಂದಾಗ ಬಿಪಿ 170 ಇದ್ದರೂ ಹೋಗಲೇಬೇಕು, ಮಷಿನ್ ಹುಡುಕುತ್ತಾ ಕೂರಬೇಡಿ. ಏದುಸಿರು ಇರುವವರನ್ನು ಮಲಗಿಸಬೇಡಿ, ಕೂರಿಸಿಯೇ ಕರೆದೊಯ್ಯಿರಿ. ಲಕ್ವಾ ಲಕ್ಷಣ ಇದ್ದರೆ ಅದು ಶುರುವಾದ ಸಮಯ ಬರೆದಿಟ್ಟುಕೊಳ್ಳಿ, ಯಾಕೆಂದರೆ ಹೆಪ್ಪು ಕರಗಿಸುವ ಔಷಧಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಚಿಂಚೋಳಿಯ ತಾಂಡಾದಿಂದಲೋ ಔರಾದ್ ಕಡೆಯಿಂದಲೋ ಹೊರಟರೆ ದಾರಿಯಲ್ಲೇ ಎಷ್ಟೋ ಹೊತ್ತು ಹೋಗುತ್ತದೆ. ಲಕ್ವಾಕ್ಕೆ ಪಾರಿವಾಳದ ರಕ್ತ ಹಚ್ಚುವವರ ಊರಿಗೆ ಹೋಗಿ ಆಮೇಲೆ ಆಸ್ಪತ್ರೆಗೆ ಬಂದರೆ ಆ ಔಷಧಿಯ ಸಮಯ ಮುಗಿದಿರುತ್ತದೆ.

ಗರ್ಭಿಣಿಯರ ಲೆಕ್ಕ ಬೇರೆ. ಅವರಿಗೆ 180ರವರೆಗೆ ಕಾಯುವ ಹಾಗಿಲ್ಲ, 160/110 ಬಂದರೇ ಎಮರ್ಜೆನ್ಸಿ ಅಂತ ತಿಳಿಯಿರಿ. ಹೆರಿಗೆಯಾದ ಮೇಲೆ ಆರು ವಾರದವರೆಗೂ ಇದೇ ಲೆಕ್ಕ. ತವರಿನಲ್ಲಿರುವ ಬಾಣಂತಿ ತಲೆನೋವು, ಕಣ್ಣು ಮಂಜು ಅಂದರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಬಿಪಿ ನೋಡಿಸಿ.

ಇನ್ನು ನಮ್ಮ ಅಪ್ಪನ ವಿಷಯ. ಮೇಲಿನ ಯಾವ ಲಕ್ಷಣವೂ ಇಲ್ಲ. ಬರೀ ಮಾಮೂಲಿ ತಲೆನೋವು ಇದ್ದರೂ ಅಷ್ಟಕ್ಕೇ ಎಮರ್ಜೆನ್ಸಿ ಆಗುವುದಿಲ್ಲ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು ಕೂತು, ಐದು ನಿಮಿಷ ಮಾತಾಡದೆ ಇದ್ದು, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು ಮತ್ತೆ ನೋಡಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಜಾಸ್ತಿ ಬರುತ್ತದೆ. ಮತ್ತೆಯೂ ಅಷ್ಟೇ ಬಂದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಬಿಟ್ಟುಹೋದ ಗುಳಿಗೆಯನ್ನು ಮತ್ತೆ ಶುರು ಮಾಡುವುದು. ಎರಡೆರಡು ನುಂಗುವುದು ಬೇಡ. 2016ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಹೀಗೆ ಲಕ್ಷಣವಿಲ್ಲದೆ ಬಿಪಿ ಏರಿದ ಸುಮಾರು 58 ಸಾವಿರ ಜನರ ದಾಖಲೆ ನೋಡಿದರು. ಮುಂದಿನ ಏಳು ದಿನದಲ್ಲಿ ಹೃದಯಾಘಾತ, ಲಕ್ವಾದಂಥದ್ದು ಆದದ್ದು ಸಾವಿರಕ್ಕೆ ಒಬ್ಬರಿಗೆ.

ಲಕ್ಷಣ ಇಲ್ಲ ಅಂದಮಾತ್ರಕ್ಕೆ ಮೂತ್ರಪಿಂಡ, ಕಣ್ಣು ಸರಿಯಿವೆ ಅಂತ ಖಾತ್ರಿ ಇಲ್ಲ. ಅವೆರಡೂ ಸದ್ದಿಲ್ಲದೆ ಕೆಡುತ್ತವೆ. ಆದ್ದರಿಂದ ಒಂದೆರಡು ದಿನದಲ್ಲೇ ಕ್ರಿಯಾಟಿನಿನ್, ಮೂತ್ರ ಪರೀಕ್ಷೆ, ಇಸಿಜಿ, ಕಣ್ಣಿನ ಪರದೆಯ ಪರೀಕ್ಷೆ ಮಾಡಿಸಬೇಕು. ಡಾಕ್ಟರ್ ಹತ್ತಿರ ಹೋಗುವಾಗ ಇನ್ನೊಂದು ಹೇಳಿ: ಮೊಣಕಾಲು ನೋವಿಗೆ ಅಂತ ಅವರು ಡೈಕ್ಲೋಫೆನಾಕ್ ಗುಳಿಗೆಯೋ ಸೂಜಿಯೋ ತೆಗೆದುಕೊಳ್ಳುತ್ತಿದ್ದಾರಾ? ಅದು ಮೈಯಲ್ಲಿ ಉಪ್ಪು, ನೀರು ನಿಲ್ಲಿಸಿ ಬಿಪಿ ಏರಿಸುತ್ತದೆ, ಬಿಪಿ ಗುಳಿಗೆಯ ಕೆಲಸವನ್ನೂ ಕೆಡಿಸುತ್ತದೆ. ಅದನ್ನು ನಿಲ್ಲಿಸಿ, ಹಳೆಯ ಗುಳಿಗೆ ತಪ್ಪದೆ ನುಂಗಿದರೆ 210 ಇಳಿಯಲು ಹಲವು ದಿನ, ಕೆಲವೊಮ್ಮೆ ವಾರಗಳೇ ಬೇಕಾಗಬಹುದು. ಮೂರನೇ ದಿನ 185 ಇದೆ ಅಂತ ಮಗ ಗಾಬರಿಯಾಗಿ ಕ್ಯಾಪ್ಸೂಲ್ ಹುಡುಕಬೇಕಿಲ್ಲ. ತುಕ್ಕು ಹಿಡಿದ ಆ ತೂಬು ಸಡಿಲಗೊಳ್ಳಲು ಅಷ್ಟು ಸಮಯ ಬೇಕೇ ಬೇಕು.