ನವಕಂಬಳದಿಂದ ಧರ್ಮದವರೆಗೆ: ವಾದದ ನಡುವೆ ಅರ್ಥ ಬದಲಿಸುವ ಪದಗಳು

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯರು ಸಭೆಯಲ್ಲಿ ಹೇಗೆ ವಾದಿಸಬೇಕು, ಎದುರಾಳಿ ಹೂಡುವ ಆಟಗಳನ್ನು ಹೇಗೆ ಗುರುತಿಸಬೇಕು ಎಂದು ವಿವರಿಸುವ ಭಾಗವೊಂದಿದೆ. ಅಲ್ಲಿ ಬರುವ ಪುಟ್ಟ ಸಂಭಾಷಣೆ ಇದು. ಒಬ್ಬ ಹೇಳುತ್ತಾನೆ: ‘ಈ ವೈದ್ಯ ನವತಂತ್ರ’, ಅಂದರೆ ಶಾಸ್ತ್ರವನ್ನು ಈಗಷ್ಟೇ ಕಲಿತವನು. ವೈದ್ಯ ಉತ್ತರಿಸುತ್ತಾನೆ: ‘ನನಗೆ ಒಂಬತ್ತು ತಂತ್ರಗಳಿಲ್ಲ, ಇರುವುದು ಒಂದೇ.’ ಮೊದಲಿನವನು ತಿದ್ದುತ್ತಾನೆ: ‘ಒಂಬತ್ತು ತಂತ್ರಗಳಿವೆ ಎಂದೆನೇ? ನಿನ್ನದು ನವಾಭ್ಯಸ್ತ, ಹೊಸದಾಗಿ ಅಭ್ಯಾಸ ಮಾಡಿದ್ದು ಎಂದೆ.’ ವೈದ್ಯ ಬಿಡುವವನಲ್ಲ: ‘ಒಂಬತ್ತು ಸಲ ಎಲ್ಲಿ? ನಾನು ಅನೇಕ ಸಲ ಅಭ್ಯಾಸ ಮಾಡಿದ್ದೇನೆ.’

ಸಂಸ್ಕೃತದಲ್ಲಿ ‘ನವ’ ಎಂದರೆ ಹೊಸದೂ ಹೌದು, ಒಂಬತ್ತೂ ಹೌದು. ವೈದ್ಯನಿಗೆ ಇದು ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದೇ ಎರಡು ಸಲ ಜಾರಿಕೊಂಡ. ಈ ಬಗೆಯ ಜಾರುವಿಕೆಗೆ ಚರಕಸಂಹಿತೆಯೂ ತರ್ಕಶಾಸ್ತ್ರದ ಮೂಲಗ್ರಂಥವಾದ ನ್ಯಾಯಸೂತ್ರವೂ ಕೊಟ್ಟ ಹೆಸರು ‘ವಾಕ್‌ಛಲ’.

ಕನ್ನಡದಲ್ಲಿ ‘ಛಲ’ ಎಂದರೆ ಹಟ, ಪಟ್ಟು ಬಿಡದ ಗುಣ. ಪಂಪ ‘ಛಲದೊಳ್ ದುರ್ಯೋಧನಂ’ ಎಂದದ್ದು ಹೊಗಳಿಕೆಯಾಗಿಯೇ. ಸಂಸ್ಕೃತದ ತರ್ಕಶಾಸ್ತ್ರದಲ್ಲಿ ಅದೇ ಪದ ವಂಚನೆ. ಅರ್ಥ ಜಾರುವುದರ ಬಗ್ಗೆ ಬರೆಯಹೊರಟರೆ ಆ ದೋಷದ ಹೆಸರೇ ಕೈಯಲ್ಲಿ ಜಾರುತ್ತದೆ. ಹಾಗಾಗಿ ಈ ಲೇಖನದುದ್ದಕ್ಕೂ ಛಲವೆಂದರೆ ವಂಚನೆ, ಹಟವಲ್ಲ.

ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇದೇ ‘ನವ’ವನ್ನು ಬೇರೊಂದು ಉದಾಹರಣೆಯಲ್ಲಿ ಬಳಸಿದ. ‘ಈ ಹುಡುಗ ನವಕಂಬಳ’ ಎಂದು ಒಬ್ಬ ಹೇಳುತ್ತಾನೆ. ಕರಾವಳಿಯ ಕೋಣಗಳ ಓಟವಲ್ಲ, ಹೊದೆಯುವ ಕಂಬಳಿ. ಎದುರಾಳಿ ಕೇಳುತ್ತಾನೆ: ‘ಒಂಬತ್ತು ಕಂಬಳಿ ಎಲ್ಲಿವೆ? ಅವನ ಮೈಮೇಲೆ ಇರುವುದು ಒಂದೇ.’ ಸೂತ್ರಕಾರ ಗೌತಮ ಹೇಳುವಂತೆ, ಮಾತಿನಲ್ಲಿ ಅರ್ಥವನ್ನು ಬಿಡಿಸಿ ಹೇಳದೆ ಇದ್ದಾಗ ಹೇಳಿದವನ ಅಭಿಪ್ರಾಯವನ್ನು ಬಿಟ್ಟು ಬೇರೊಂದು ಅರ್ಥವನ್ನು ಕಲ್ಪಿಸುವುದೇ ವಾಕ್‌ಛಲ. ಇಲ್ಲಿ ಗಮನಿಸಬೇಕಾದದ್ದು ತಪ್ಪು ಯಾರ ತಲೆಗೆ ಬೀಳುತ್ತದೆ ಎಂಬುದು. ಎರಡರ್ಥದ ಪದ ಬಳಸಿದವನು ನಿರಪರಾಧಿ, ತನಗೆ ಬೇಕಾದ ಅರ್ಥ ಹಿಡಿದವನು ತಪ್ಪಿತಸ್ಥ.

ಎದುರಾಳಿಗೆ ವಾತ್ಸ್ಯಾಯನ ಕೊಡುವ ಉತ್ತರವೂ ಸೊಗಸಾಗಿದೆ. ಪದ ಎರಡೂ ಅರ್ಥಗಳಿಗೆ ಸಾಮಾನ್ಯವಾಗಿರುವಾಗ, ಒಂಬತ್ತು ಎಂಬುದನ್ನೇ ನೀನು ಆರಿಸಿಕೊಳ್ಳಲು ಕಾರಣವೇನು? ಕಾರಣ ಕೊಡಲಾಗದಿದ್ದರೆ ನಿನ್ನ ಆರೋಪ ಸುಳ್ಳು. ‘ಮೇಕೆಯನ್ನು ಊರಿಗೆ ಕರೆದುಕೊಂಡು ಹೋಗು, ತುಪ್ಪ ತಾ’ ಎಂದರೆ ಲೋಕದ ಮೇಕೆಗಳನ್ನೆಲ್ಲ ಯಾರೂ ಅಟ್ಟಿಕೊಂಡು ಹೋಗುವುದಿಲ್ಲ. ಪದ ಎಷ್ಟೇ ಸಾಮಾನ್ಯವಾಗಿದ್ದರೂ, ಆ ಸಂದರ್ಭದಲ್ಲಿ ಯಾವುದು ಸಾಧ್ಯವೋ ಅದನ್ನೇ ಕೇಳುಗ ಹಿಡಿಯುತ್ತಾನೆ. ಸಂದರ್ಭವನ್ನು ಬೇಕೆಂದೇ ಮರೆತವನು ಮಾತ್ರ ಒಂಬತ್ತು ಕಂಬಳಿಗಳನ್ನು ಎಣಿಸುತ್ತಾನೆ.

ಗ್ರೀಸಿನಲ್ಲಿ ಅರಿಸ್ಟಾಟಲ್ ಕ್ರಿ.ಪೂ. 4ನೇ ಶತಮಾನದಲ್ಲಿ ಇದೇ ದೋಷವನ್ನು ಇನ್ನೊಂದು ತುದಿಯಿಂದ ಹಿಡಿದ. ವಾದದೋಷಗಳ ಅವನ ಪಟ್ಟಿಯಲ್ಲಿ ಅಪರಾಧಿ ವಾದ ಹೂಡುವವನೇ. ಅವನು ಕೊಡುವ ಉದಾಹರಣೆಯೊಂದು ಕನ್ನಡಕ್ಕೆ ಯಾವ ಶ್ರಮವೂ ಇಲ್ಲದೆ ಬರುತ್ತದೆ, ಏಕೆಂದರೆ ಅವನ ಗ್ರೀಕ್ ಪದಕ್ಕಿರುವ ಎರಡು ಮುಖಗಳೂ ನಮ್ಮ ‘ಬೇಕು’ವಿಗೆ ಇವೆ. ‘ಆಗಬೇಕಾದದ್ದು ಒಳ್ಳೆಯದು. ಕೆಡುಕೂ ಆಗಬೇಕಾದದ್ದೇ. ಆದ್ದರಿಂದ ಕೆಡುಕೂ ಒಳ್ಳೆಯದು.’ ಮೊದಲ ವಾಕ್ಯದ ‘ಆಗಬೇಕಾದದ್ದು’ ಎಂದರೆ ಆಗಲಿ ಎಂದು ನಾವು ಬಯಸುವಂಥದ್ದು, ‘ಈ ಊರಿಗೊಂದು ಶಾಲೆ ಆಗಬೇಕು’ ಎನ್ನುವಾಗಿನ ಅರ್ಥ. ಎರಡನೆಯದು ತಪ್ಪಿಸಲಾಗದ್ದು, ಸಾವಿನ ಮನೆಯಲ್ಲಿ ಹಿರಿಯರು ‘ಆಗಬೇಕಾದದ್ದು ಆಯಿತು’ ಎನ್ನುವಾಗಿನ ಅರ್ಥ. ಒಂದೊಂದಾಗಿ ನೋಡಿದರೆ ಎರಡೂ ವಾಕ್ಯ ನಿಜ. ಅವುಗಳನ್ನು ಜೋಡಿಸುವ ಕೊಂಡಿ ಮಾತ್ರ ಇಲ್ಲ, ಕೊಂಡಿ ಇದೆ ಎಂಬ ಭ್ರಮೆಯನ್ನು ಒಂದೇ ಸದ್ದು ಹುಟ್ಟಿಸುತ್ತದೆ.

ಜಾರುವಿಕೆಯನ್ನು ಬಯಲಿಗೆಳೆಯುವ ಉಪಾಯವೂ ಇದರಲ್ಲೇ ಇದೆ. ಅನುಮಾನ ಬಂದ ಪದವನ್ನು ಅಳಿಸಿ, ಅದರ ಜಾಗದಲ್ಲಿ ಒಂದೇ ಅರ್ಥವಿರುವ ಮಾತನ್ನು ವಾದದ ಮೊದಲಿಂದ ಕೊನೆಯವರೆಗೆ ಹಾಕಿ ನೋಡಬೇಕು. ‘ಬಯಸತಕ್ಕದ್ದು’ ಎಂದು ಹಾಕಿದರೆ ಎರಡನೆಯ ವಾಕ್ಯ ಸುಳ್ಳಾಗುತ್ತದೆ. ‘ತಪ್ಪಿಸಲಾಗದ್ದು’ ಎಂದು ಹಾಕಿದರೆ ಮೊದಲನೆಯದು ಸುಳ್ಳಾಗುತ್ತದೆ. ಯಾವ ಒಂದು ಅರ್ಥದಲ್ಲೂ ಎರಡು ವಾಕ್ಯಗಳು ಒಟ್ಟಿಗೆ ನಿಲ್ಲದಿದ್ದರೆ ವಾದ ಬಿತ್ತು ಎಂದರ್ಥ. ಎರಡೂ ನಿಂತರೆ, ಪದಕ್ಕೆ ಹತ್ತು ಅರ್ಥಗಳಿದ್ದರೂ ಚಿಂತೆಯಿಲ್ಲ. ಪದಕ್ಕೆ ಹಲವು ಅರ್ಥಗಳಿರುವುದೇ ದೋಷವಾಗಿದ್ದರೆ ಕಾವ್ಯದಲ್ಲಿ ಶ್ಲೇಷೆಗೆ ಜಾಗವಿರುತ್ತಿರಲಿಲ್ಲ. ಶ್ಲೇಷೆಯಲ್ಲಿ ಕವಿ ಎರಡೂ ಅರ್ಥಗಳನ್ನು ಒಟ್ಟಿಗೆ ಕಾಣಿಸುತ್ತಾನೆ. ಛಲಗಾರ ಒಂದನ್ನು ತೋರಿಸಿ ಇನ್ನೊಂದನ್ನು ದಾಟಿಸುತ್ತಾನೆ.

ಇಷ್ಟು ಸರಳ ಪರೀಕ್ಷೆ ಇದ್ದೂ ದೊಡ್ಡವರ ಪ್ರಬಂಧಗಳಲ್ಲಿ ಜಗಳ ಬಗೆಹರಿಯದೆ ಉಳಿದದ್ದುಂಟು. 1861ರಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಉಪಯುಕ್ತತಾವಾದದ ಬಗ್ಗೆ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಬರಹ ಅಂಥದ್ದು. ಒಂದು ವಸ್ತು ಕಾಣುವಂಥದ್ದು ಎನ್ನಲು ಇರುವ ಒಂದೇ ಪುರಾವೆ ಜನ ಅದನ್ನು ನಿಜವಾಗಿ ಕಾಣುತ್ತಾರೆ ಎಂಬುದು, ಹಾಗೆಯೇ ಒಂದು ವಸ್ತು ಅಪೇಕ್ಷಣೀಯ ಎನ್ನಲು ಇರುವ ಪುರಾವೆ ಜನ ಅದನ್ನು ನಿಜವಾಗಿ ಅಪೇಕ್ಷಿಸುತ್ತಾರೆ ಎಂಬುದು ಎಂದು ಮಿಲ್ ವಾದಿಸಿದ. 1903ರಲ್ಲಿ ಇನ್ನೊಬ್ಬ ತತ್ತ್ವಜ್ಞಾನಿ ಜಿ. ಇ. ಮೂರ್ ಇದನ್ನು ಎತ್ತಿ ಆಡಿದ. ‘ಕಾಣುವಂಥದ್ದು’ ಎಂದರೆ ಕಾಣಲು ಸಾಧ್ಯವಿರುವುದು. ‘ಅಪೇಕ್ಷಣೀಯ’ ಎಂದರೆ ಅಪೇಕ್ಷಿಸಲು ಸಾಧ್ಯವಿರುವುದಲ್ಲ, ಅಪೇಕ್ಷಿಸತಕ್ಕದ್ದು. ಇಂಗ್ಲಿಷಿನ ‘ವಿಸಿಬಲ್’, ‘ಡಿಸೈರಬಲ್’ ಎಂಬ ಎರಡೂ ಪದಗಳ ಬಾಲ ಒಂದೇ ಆದ್ದರಿಂದ ಮಿಲ್ ಎಡವಿದ್ದಾನೆ ಎಂಬುದು ಮೂರ್‌ನ ದೂರು.

ಕನ್ನಡದ ಓದುಗರಿಗೆ ಇದು ಬೇಗ ಹಿಡಿಸುತ್ತದೆ. ನಮ್ಮಲ್ಲಿ ‘ಅನೀಯ’ ಎಂದು ಮುಗಿಯುವ ಪದಗಳು ಹೆಚ್ಚಾಗಿ ಯೋಗ್ಯತೆಯನ್ನೇ ಹೇಳುತ್ತವೆ. ಒಂದು ಹೇಳಿಕೆಯನ್ನು ನೂರು ಸಂಘಟನೆಗಳು ಖಂಡಿಸಿದರೆ ಅದು ಖಂಡನೆಗೊಳಗಾಯಿತು, ಖಂಡನೀಯವಾಯಿತೇ? ಆಗಲೇಬೇಕೆಂದಿಲ್ಲ. ಜನ ಹಾಡಿ ಹೊಗಳಿದ್ದೆಲ್ಲ ಶ್ಲಾಘನೀಯವಲ್ಲ. ಮೂರ್ ಇಂಗ್ಲಿಷಿನಲ್ಲಿ ಹೇಳಿದ್ದೂ ಇದನ್ನೇ.

ಆದರೆ ಮಿಲ್‌ನ ಪರ ನಿಂತವರು ಕೇಳುವ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮಿಲ್ ಪದಕ್ಕೆ ಅರ್ಥ ಹೇಳುತ್ತಿರಲಿಲ್ಲ, ಪುರಾವೆಯ ಮಾತನ್ನಾಡುತ್ತಿದ್ದ. ಯಾರೂ ಎಂದೂ ಬಯಸದ ಒಂದನ್ನು ‘ಇದು ಬಯಸತಕ್ಕದ್ದು’ ಎಂದು ಜನರಿಗೆ ಒಪ್ಪಿಸುವುದು ಹೇಗೆ? ಜನ ಬಯಸುತ್ತಾರೆ ಎಂಬುದನ್ನು ಬಿಟ್ಟರೆ ಬೇರೆ ಸಾಕ್ಷಿ ಎಲ್ಲಿಂದ ತರುವುದು? ಇಂಥ ಕಡೆ ಕಟ್ಟುನಿಟ್ಟಿನ ರುಜುವಾತು ಸಿಗುವುದಿಲ್ಲ ಎಂದು ಮಿಲ್ ತಾನೇ ಒಪ್ಪಿಕೊಂಡಿದ್ದ. ಹಾಗೆ ಓದಿದರೆ ವಾದ ದುರ್ಬಲವಿರಬಹುದು, ಮೋಸವಂತೂ ಅಲ್ಲ, ಮತ್ತು ಮೂರ್ ಅವನ ಅಭಿಪ್ರಾಯವನ್ನು ಬಿಟ್ಟು ಪದದ ಬಾಲ ಹಿಡಿದಂತಾಯಿತು. ಅರಿಸ್ಟಾಟಲ್‌ನ ಕಣ್ಣಿನಿಂದ ನೋಡಿದರೆ ಮಿಲ್ ತಪ್ಪಿತಸ್ಥ, ಗೌತಮನ ಕಣ್ಣಿನಿಂದ ನೋಡಿದರೆ ಮೂರ್. ನನ್ನ ಒಲವು ಮೂರ್ ಕಡೆಗೇ ಸ್ವಲ್ಪ ಹೆಚ್ಚು. ತನ್ನ ಅಭಿಪ್ರಾಯ ಪುರಾವೆಯ ಬಗ್ಗೆ ಮಾತ್ರ ಎಂದಿದ್ದರೆ, ಕಾಣುವುದರ ಹೋಲಿಕೆ ಮಿಲ್‌ಗೆ ಬೇಕಾಗಿರಲಿಲ್ಲ. ವಾದಕ್ಕೆ ಗಟ್ಟಿತನದ ಕಳೆ ಬಂದದ್ದು ಆ ಹೋಲಿಕೆಯಿಂದಲೇ.

ಪ್ರಬಂಧದ ಪುಟದಿಂದ ಬೀದಿಯ ಜಗಳಕ್ಕೆ ಬಂದಾಗ ಪದಗಳ ಬೆಲೆ ಇನ್ನೂ ಏರುತ್ತದೆ. 2002ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಕಾಬ್ ಕೌಂಟಿಯಲ್ಲಿ ಜೀವಶಾಸ್ತ್ರದ ಪಠ್ಯಪುಸ್ತಕಗಳಿಗೆ ಚೀಟಿ ಅಂಟಿಸಲಾಯಿತು. ವಿಕಾಸವೆಂಬುದು ಒಂದು ಸಿದ್ಧಾಂತ, ಸತ್ಯಸಂಗತಿಯಲ್ಲ ಎಂಬುದು ಅದರ ಮುಖ್ಯ ಮಾತು. ವಿಜ್ಞಾನದಲ್ಲಿ ಸಿದ್ಧಾಂತ ಎಂದರೆ ಅನೇಕ ಸಂಗತಿಗಳನ್ನು ವಿವರಿಸಿ ಪರೀಕ್ಷೆಗಳಲ್ಲಿ ಗೆದ್ದು ನಿಂತ ಕಟ್ಟಡ. ಚೀಟಿಯಲ್ಲಿದ್ದ ‘ಥಿಯರಿ’ ಎಂಬ ಇಂಗ್ಲಿಷ್ ಪದಕ್ಕೆ ಆಡುಮಾತಿನಲ್ಲಿ ‘ಇನ್ನೂ ಸಾಬೀತಾಗದ ಊಹೆ’ ಎಂಬ ಅರ್ಥವೂ ಇದೆ. ವಿಜ್ಞಾನಿಗಳು ಮೊದಲ ಅರ್ಥದಲ್ಲಿ ಒಪ್ಪಿದ್ದನ್ನು ಚೀಟಿ ಎರಡನೆಯ ಅರ್ಥದಲ್ಲಿ ಓದಿಸುತ್ತಿತ್ತು. 2005ರ ಜನವರಿಯಲ್ಲಿ ನ್ಯಾಯಾಲಯ ಚೀಟಿಗಳನ್ನು ತೆಗೆಯಲು ಆದೇಶಿಸಿತು. ಮೇಲ್ಮನವಿಯ ಬಳಿಕ 2006ರ ಕೊನೆಯಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಕನ್ನಡದಲ್ಲಿ ಈ ಚೀಟಿಯ ಕೆಲಸವನ್ನು ‘ವಿಕಾಸವಾದ’ ಎಂಬ ಹೆಸರೇ ಅರ್ಧ ಮಾಡಿಕೊಡುತ್ತದೆ. ‘ಅದು ಬರೀ ವಾದ, ಅದಕ್ಕೆ ಪ್ರತಿವಾದವೂ ಇದೆಯಲ್ಲ’ ಎನ್ನಲು ಹೆಚ್ಚು ಶ್ರಮ ಬೇಕಿಲ್ಲ.

ನಮ್ಮ ಚರ್ಚಾಸ್ಪರ್ಧೆಗಳಲ್ಲಿ ಹೆಚ್ಚು ಜಾರುವ ಪದ ಯಾವುದು ಎಂದು ಕೇಳಿದರೆ ನಾನು ‘ಧರ್ಮ’ ಎನ್ನುತ್ತೇನೆ. ಧರ್ಮ ಎಂದರೆ ಮತ, ಧರ್ಮ ಎಂದರೆ ನೀತಿ, ಧರ್ಮ ಎಂದರೆ ಕರ್ತವ್ಯ, ಬಿಟ್ಟಿಯಾಗಿ ಕೊಡುವುದೂ ಧರ್ಮ. ವೇದಿಕೆಗಳಲ್ಲಿ ಕೇಳಿಬರುವ ವಾದ ಹೀಗಿದೆ: ‘ಧರ್ಮನಿರಪೇಕ್ಷ ರಾಜ್ಯವೆಂದರೆ ಧರ್ಮವನ್ನು ಲೆಕ್ಕಿಸದ ರಾಜ್ಯ. ಧರ್ಮವನ್ನು ಲೆಕ್ಕಿಸದ ರಾಜ್ಯದಲ್ಲಿ ಅಧರ್ಮ ತಾಂಡವವಾಡುತ್ತದೆ. ಆದ್ದರಿಂದ ಧರ್ಮನಿರಪೇಕ್ಷ ರಾಜ್ಯ ಬೇಡ.’ ಚಪ್ಪಾಳೆ ಬೀಳುತ್ತದೆ.

ಪದ ಬದಲಿಸಿ ನೋಡೋಣ. ಎಲ್ಲ ಕಡೆ ‘ಮತ’ ಎಂದು ಹಾಕಿದರೆ ಮೊದಲ ವಾಕ್ಯ ಸರಿ: ಆಡಳಿತದಲ್ಲಿ ಮತವನ್ನು ಲೆಕ್ಕಿಸದ ರಾಜ್ಯ. ಎರಡನೆಯದು ‘ಮತವನ್ನು ಲೆಕ್ಕಿಸದ ರಾಜ್ಯದಲ್ಲಿ ಅನೀತಿ ತಾಂಡವವಾಡುತ್ತದೆ’ ಎಂದಾಗುತ್ತದೆ. ಅದನ್ನು ಬೇರೆಯಾಗಿ ಸಾಧಿಸಬೇಕು, ವಾದಿಸಿದವನು ಸಾಧಿಸಿಲ್ಲ. ಎಲ್ಲ ಕಡೆ ‘ನೀತಿ’ ಎಂದು ಹಾಕಿದರೆ ಎರಡನೆಯದು ಸರಿ, ಮೊದಲನೆಯದು ಸುಳ್ಳು, ಏಕೆಂದರೆ ನೀತಿಯನ್ನು ಬಿಡಬೇಕೆಂದು ಯಾರೂ ಕೇಳಿಲ್ಲ. ಈ ಗೋಜಲಿನ ಅರಿವು ಭಾಷಾಂತರದಲ್ಲೂ ಕಾಣುತ್ತದೆ. 1976ರಲ್ಲಿ 42ನೇ ತಿದ್ದುಪಡಿ ಸಂವಿಧಾನದ ಪ್ರಸ್ತಾವನೆಗೆ ಸೇರಿಸಿದ ‘ಸೆಕ್ಯುಲರ್’ ಎಂಬ ಇಂಗ್ಲಿಷ್ ಪದಕ್ಕೆ ಸಂವಿಧಾನದ ಹಿಂದಿ ಪಾಠದಲ್ಲಿರುವುದು ‘ಪಂಥನಿರಪೇಕ್ಷ’, ‘ಧರ್ಮನಿರಪೇಕ್ಷ’ ಅಲ್ಲ. ಕನ್ನಡದಲ್ಲಿ ‘ಜಾತ್ಯತೀತ’, ‘ಧರ್ಮನಿರಪೇಕ್ಷ’, ‘ಸರ್ವಧರ್ಮ ಸಮಭಾವ’ ಎಂಬ ಮೂರೂ ಬಳಕೆಯಲ್ಲಿವೆ. ಮೂರೂ ಒಂದೇ ಮಾತನ್ನು ಹೇಳುವುದಿಲ್ಲ.

ಇದೇ ವೇದಿಕೆಯ ಇನ್ನೊಂದು ತುದಿಯಲ್ಲಿ ಹುಡುಗಿಯೊಬ್ಬಳು ಎದ್ದು ‘ಅರಸನಿಗೂ ಧರ್ಮ ಬೇಕು, ಅದಿಲ್ಲದ ಆಡಳಿತ ದರೋಡೆ’ ಎಂದಳು ಎನ್ನಿ. ಅವಳು ನ್ಯಾಯದ ಮಾತಾಡಿದ್ದಾಳೆ ಎಂಬುದು ಹಿಂದುಮುಂದಿನ ವಾಕ್ಯಗಳಲ್ಲಿ ಸ್ಪಷ್ಟವಿದೆ. ಪ್ರತಿವಾದಿ ಎದ್ದು, ‘ಹಾಗಾದರೆ ಸರಕಾರಕ್ಕೊಂದು ಮತ ಬೇಕು ಎನ್ನುತ್ತೀರಿ, ಯಾವ ಮತ?’ ಎಂದು ಕೇಳುತ್ತಾನೆ. ಚಪ್ಪಾಳೆ ಈಗಲೂ ಬೀಳುತ್ತದೆ. ಅವಳು ಕೇಳಬೇಕಾದದ್ದು ವಾತ್ಸ್ಯಾಯನ ಕೇಳಿದ ಪ್ರಶ್ನೆಯನ್ನೇ: ಎರಡು ಅರ್ಥಗಳಲ್ಲಿ ಅದನ್ನೇ ನೀನು ಆರಿಸಿಕೊಳ್ಳಲು ನನ್ನ ಮಾತಿನಲ್ಲಿ ನಿನಗೆ ಸಿಕ್ಕ ಕಾರಣ ಯಾವುದು?