ಗೋಡೆ ಹಲಗೆಗಳು ಬಾಯಿಬಿಡುವುದೇಕೆ? ಟಂಗ್ ಅಂಡ್ ಗ್ರೂವ್ ಜೋಡಣೆಯ ಹಿನ್ನೆಲೆ

ಗೋಡೆಗೆ ಮರದ ಹಲಗೆ ಹೊದಿಸಿದವರ ದೂರು ಬಹುತೇಕ ಒಂದೇ. ಮಳೆಗಾಲದಲ್ಲಿ ಕೂಡಿಸಿದ ಹಲಗೆಗಳು ಬೇಸಿಗೆಯ ಹೊತ್ತಿಗೆ ಬಾಯಿಬಿಟ್ಟಿರುತ್ತವೆ. ಬೇಸಿಗೆಯಲ್ಲಿ ಕೂಡಿಸಿದವು ಆಷಾಢದಲ್ಲಿ ಉಬ್ಬಿ ಗೋಡೆಯಿಂದ ಎದ್ದು ನಿಂತಿರುತ್ತವೆ. ಆಮೇಲೆ ವಾದ ಶುರುವಾಗುತ್ತದೆ. ರೂಟರ್ ಎಂಬ ಕೊರೆಯುವ ಯಂತ್ರ ಬಳಸಿದ್ದಕ್ಕೆ ಹೀಗಾಯಿತು ಎಂದು ಒಬ್ಬರು, ಅಂಟು ಹಾಕದೆ ಕೂಡಿಸಿದ್ದಕ್ಕೆ ಎಂದು ಇನ್ನೊಬ್ಬರು, ಮರವೇ ಸರಿಯಿಲ್ಲ ಎಂದು ಮತ್ತೊಬ್ಬರು. ಹಲಗೆಗಳನ್ನು ಕೂಡಿಸುವ ಈ ಟಂಗ್ ಅಂಡ್ ಗ್ರೂವ್ ಜೋಡಣೆ ಹುಟ್ಟಿದ್ದು ಯಾವ ಕೆಲಸಕ್ಕೆ, ಅದನ್ನು ಕೊರೆಯುವ ಸಲಕರಣೆ ಹೇಗೆ ಬದಲಾಯಿತು ಎಂಬುದನ್ನು ನೋಡಿದರೆ ಈ ಮೂರು ವಾದಗಳ ಗಂಟು ಸ್ವಲ್ಪ ಸಡಿಲವಾಗುತ್ತದೆ.

ಜೋಡಣೆ ಸರಳವಾದದ್ದು. ಹಲಗೆಯ ಒಂದು ಅಂಚಿನ ಉದ್ದಕ್ಕೂ ನಡುವೆ ನಾಲಗೆಯೊಂದನ್ನು ಉಳಿಸಿ ಎರಡು ಬದಿಯನ್ನು ಹೆರೆದು ತೆಗೆಯುತ್ತಾರೆ. ಇನ್ನೊಂದು ಅಂಚಿಗೆ ಅದೇ ದಪ್ಪದ ಗ್ರೂವ್, ಅಂದರೆ ಉದ್ದನೆಯ ತೋಡು, ಕೊರೆಯುತ್ತಾರೆ. ಒಂದು ಹಲಗೆಯ ನಾಲಗೆ ಪಕ್ಕದ ಹಲಗೆಯ ಗ್ರೂವಿನೊಳಗೆ ಕೂರುತ್ತದೆ. ಹಲಗೆಗಳನ್ನು ಬಿಗಿದು ಒಂದಾಗಿಸುವುದು ಇದರ ಉದ್ದೇಶವಲ್ಲ. ಮರ ಕುಗ್ಗಿದಾಗ ನಾಲಗೆ ಗ್ರೂವಿನೊಳಗೆ ಜಾರಬೇಕು, ಸಂದು ಬಿಟ್ಟರೂ ಹಿಂದಿನ ಗೋಡೆ ಕಾಣಬಾರದು, ಪಕ್ಕಪಕ್ಕದ ಹಲಗೆಗಳ ಮುಖ ಒಂದೇ ಮಟ್ಟದಲ್ಲಿರಬೇಕು. ಅಂಟು ಹಾಕಿದರೆ ಈ ಜಾರುವಿಕೆಯೇ ಸತ್ತುಹೋಗುತ್ತದೆ.

ಹಲಗೆ ಎಷ್ಟು ಸರಿದಾಡುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ತೇಗವು ಹೆಚ್ಚು ಕುಗ್ಗದ ಮರಗಳ ಸಾಲಿಗೆ ಸೇರಿದ್ದು. ಆದರೂ ದಿಮ್ಮಿಯ ವರ್ಷದುಂಗುರಕ್ಕೆ ಸಮಾನಾಂತರವಾಗಿ ಸೀಳಿದ ಹಲಗೆಯಲ್ಲಿ ತೇವಾಂಶ ಶೇ 1ರಷ್ಟು ಬದಲಾದರೆ ಅಗಲ ಸುಮಾರು ಶೇ 0.2ರಷ್ಟು ಬದಲಾಗುತ್ತದೆ. 120 ಮಿಲಿಮೀಟರ್ ಅಗಲದ ಹಲಗೆಯ ತೇವಾಂಶ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಶೇ 4ರಷ್ಟು ಏರಿಳಿದರೆ ಪ್ರತಿ ಹಲಗೆ ಹೆಚ್ಚುಕಡಿಮೆ 1 ಮಿಲಿಮೀಟರ್ ಸರಿಯುತ್ತದೆ. ಮೂರು ಮೀಟರ್ ಗೋಡೆಗೆ ಇಂಥ 25 ಹಲಗೆ ಬೇಕು. ಬಿಡಿಬಿಡಿಯಾಗಿದ್ದರೆ ಒಂದೊಂದು ಸಂದಿಯಲ್ಲಿ 1 ಮಿಲಿಮೀಟರ್, ಯಾರೂ ಗಮನಿಸುವುದಿಲ್ಲ. ಎಲ್ಲಕ್ಕೂ ಅಂಟು ಹಾಕಿ ಒಂದೇ ಫಲಕ ಮಾಡಿದರೆ ಅಷ್ಟೂ ಸರಿದಾಟ ಕೂಡಿ ಸುಮಾರು 25 ಮಿಲಿಮೀಟರ್ ಆಗುತ್ತದೆ. ಆಗ ಹಲಗೆ ಸೀಳುತ್ತದೆ, ಇಲ್ಲವೇ ಗೋಡೆ ಬಿಟ್ಟು ಉಬ್ಬುತ್ತದೆ.

ಯುರೋಪಿನ ಬಡಗಿಗಳು ಹದಿನೆಂಟನೆಯ ಶತಮಾನದಲ್ಲೇ ಇದಕ್ಕೆಂದು ಮರದ ಹತ್ತರಿಗಳ ಜೋಡಿ ಇಟ್ಟುಕೊಂಡಿದ್ದರು: ಒಂದು ನಾಲಗೆ ಹೆರೆಯಲು, ಇನ್ನೊಂದು ಗ್ರೂವ್ ಹೆರೆಯಲು. ಕೈಗಾರಿಕಾ ಕ್ರಾಂತಿ ಈ ಕೆಲಸವನ್ನು ಬೇಗನೆ ಗಿರಣಿಗೆ ಒಯ್ದಿತು. 1827ರಲ್ಲಿ ಗ್ಲಾಸ್ಗೋದ ಮಾಲ್ಕಮ್ ಮ್ಯೂರ್, ಮರುವರ್ಷ ನ್ಯೂಯಾರ್ಕ್ ರಾಜ್ಯದ ವಿಲಿಯಂ ವುಡ್‌ವರ್ತ್ ಹಲಗೆ ಹೆರೆದು ನಾಲಗೆ–ಗ್ರೂವ್ ಎರಡನ್ನೂ ಕೊರೆಯುವ ಯಂತ್ರಗಳಿಗೆ ಪೇಟೆಂಟ್ ಪಡೆದರು. ವುಡ್‌ವರ್ತ್ ಪೇಟೆಂಟನ್ನು ಎರಡು ಬಾರಿ ವಿಸ್ತರಿಸಿ 1856ರವರೆಗೆ ಎಳೆದರು. ಅದರ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಕ್ಕು ತೀರಿದ ಮೇಲೆ ಗಿರಣಿಯಲ್ಲಿ ಕೊರೆದ ಹಲಗೆ ಅಗ್ಗವಾಗಿ ಮನೆಮನೆ ಸೇರಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಡುಗೆಮನೆ, ಶಾಲೆ, ರೈಲು ನಿಲ್ದಾಣಗಳ ಗೋಡೆಗಳಿಗೆಲ್ಲ ಅದೇ ಹಲಗೆ. ಆ ಹಲಗೆಗಳ ಅಂಚಿನಲ್ಲಿ ಒಂದು ಸಣ್ಣ ದುಂಡು ಗೆರೆಯೋ ವಿ ಆಕಾರದ ಸೀಳೋ ಇರುತ್ತಿತ್ತು. ಅದು ಬರಿಯ ಅಲಂಕಾರವಲ್ಲ. ನೆರಳಿನ ಗೆರೆಯ ಪಕ್ಕದಲ್ಲಿ 1 ಮಿಲಿಮೀಟರ್ ಸಂದು ಕಣ್ಣಿಗೆ ಬೀಳುವುದಿಲ್ಲ. ಸಪಾಟಾಗಿ ಕೂಡಿಸಿದ ಗೋಡೆಯಲ್ಲಿ ಅದೇ ಸಂದು ಎದ್ದು ಕಾಣುತ್ತದೆ.

ಗಿರಣಿಯ ಅಬ್ಬರದ ನಡುವೆಯೇ ಕೈಸಲಕರಣೆಯಲ್ಲೂ ಒಂದು ಜಾಣ ಹೆಜ್ಜೆ ಬಿತ್ತು, ನನಗೆ ಈ ಇತಿಹಾಸದಲ್ಲಿ ಅತ್ಯಂತ ಇಷ್ಟವಾದದ್ದು ಅದೇ. ಕನೆಕ್ಟಿಕಟ್‌ನ ಸ್ಟ್ಯಾನ್ಲಿ ಕಂಪನಿಯ 48ನೇ ನಂಬರಿನ ಹತ್ತರಿಗೆ 1875ರ ಪೇಟೆಂಟ್ ಇದೆ. ಎರಕದ ಕಬ್ಬಿಣದ ಮೈ, ಪಕ್ಕಪಕ್ಕದಲ್ಲಿ ಎರಡು ಅಲಗು, ನಡುವೆ ಸುಮಾರು 8 ಮಿಲಿಮೀಟರ್ ಅಂತರ. ಹಲಗೆಯ ಮುಖಕ್ಕೆ ಒರಗಿ ಹೋಗುವ ಬದಿಪಟ್ಟಿಯನ್ನು ನಡುವೆ ಒಂದು ಕೀಲಿನ ಮೇಲೆ ಕೂರಿಸಿದ್ದಾರೆ. ಪಟ್ಟಿ ಒಂದು ಸ್ಥಾನದಲ್ಲಿದ್ದರೆ ಎರಡೂ ಅಲಗು ಕೆಲಸ ಮಾಡಿ ನಡುವೆ ನಾಲಗೆ ಉಳಿಯುತ್ತದೆ. ಅದನ್ನು ಅರ್ಧ ಸುತ್ತು ತಿರುಗಿಸಿದರೆ ಒಂದು ಅಲಗು ಮರೆಯಾಗಿ ಇನ್ನೊಂದು ಗ್ರೂವ್ ಕೊರೆಯುತ್ತದೆ. ಎರಡು ಹತ್ತರಿಗಳ ಕೆಲಸ ಒಂದರಲ್ಲಿ, ಅಳತೆ ಹೊಂದಿಸುವ ಗೋಜೇ ಇಲ್ಲ. ತೆಳು ಹಲಗೆಗೆ 49ನೇ ನಂಬರು ಬಂತು.

ಈ ಹತ್ತರಿ 22 ಮಿಲಿಮೀಟರ್ ದಪ್ಪದ ಹಲಗೆಗೆ ನಡುಮಧ್ಯ ಕೂರುತ್ತದೆ. 19 ಮಿಲಿಮೀಟರಿನ ಹಲಗೆ ಹಿಡಿದರೆ ಗ್ರೂವ್ ನಡುವೆ ಬರುವುದಿಲ್ಲ: ಗ್ರೂವಿನ ಮುಂದೆ ಉಳಿಯುವ ತುಟಿ 7, ಗ್ರೂವ್ 8, ಹಿಂದಿನ ತುಟಿ 4 ಮಿಲಿಮೀಟರ್. ಹೊಸಬರು ಇದನ್ನು ಕಂಡು ಗಾಬರಿಯಾಗುತ್ತಾರೆ. ಆದರೆ ಪಟ್ಟಿ ಪ್ರತಿ ಸಲವೂ ಹಲಗೆಯ ಕಾಣುವ ಮುಖಕ್ಕೇ ಒರಗಿದ್ದರೆ ನಾಲಗೆಯೂ ಆ ಮುಖದಿಂದ 7 ಮಿಲಿಮೀಟರಿಗೇ ಬರುತ್ತದೆ. ಹಲಗೆಗಳ ದಪ್ಪದಲ್ಲಿ ಅಷ್ಟಿಷ್ಟು ವ್ಯತ್ಯಾಸವಿದ್ದರೂ ಮುಖ ಮಾತ್ರ ಮಟ್ಟವಾಗಿಯೇ ಕೂಡುತ್ತದೆ. ಏರುಪೇರೆಲ್ಲ ಗೋಡೆಯ ಕಡೆಗೆ ಹೋಗುತ್ತದೆ. ಈ ಜೋಡಣೆಯ ಅರ್ಧ ವಿದ್ಯೆ ಇಷ್ಟೇ: ಯಾವ ಸಲಕರಣೆಯಾದರೂ ಅಳತೆ ಕಾಣುವ ಮುಖದಿಂದಲೇ ಹೊರಡಬೇಕು.

ಮರದ ಎಳೆಯ ವಿಷಯವೂ ಹೀಗೆಯೇ. ಕಾಣುವ ಮುಖವನ್ನು ನಮ್ಮ ಕಡೆಗೆ ಇಟ್ಟುಕೊಂಡು ಒಂದು ಅಂಚನ್ನು ಹೆರೆದ ಮೇಲೆ, ಮುಖ ನಮ್ಮ ಕಡೆಗೇ ಇರುವಂತೆ ಹಲಗೆಯನ್ನು ತಲೆಕೆಳಗು ಮಾಡಿ ಇನ್ನೊಂದು ಅಂಚನ್ನು ಮೇಲೆ ತರುತ್ತೇವೆ. ಎಳೆಯ ಓರೆ ಹಲಗೆಯ ಉದ್ದಕ್ಕೂ ಒಂದೇ ಕಡೆಗಿದ್ದರೆ ತಿರುಗಿಸಿದ ಮೇಲೂ ಅದು ನಮಗೆ ಅದೇ ಕಡೆಗೆ ಕಾಣುತ್ತದೆ. ಹಾಗಾಗಿ ಒಂದು ಅಂಚು ನಯವಾಗಿ ಬಂದರೆ ಇನ್ನೊಂದೂ ನಯವಾಗಿ ಬರುತ್ತದೆ. ಒಂದು ಕಿತ್ತು ಬಂದರೆ ಎರಡೂ ಕಿತ್ತು ಬರುತ್ತವೆ. ಕಿತ್ತು ಬಂದರೆ ಹಲಗೆಯ ಮತ್ತೊಂದು ಮುಖವನ್ನು ಮುಂದು ಮಾಡಿಕೊಂಡರೆ ಆಯಿತು. ಹೆರೆಯುವಾಗ ಹಲಗೆಯ ದೂರದ ತುದಿಯಲ್ಲಿ ಗಿಡ್ಡ ಎಳೆತದಿಂದ ಆರಂಭಿಸಿ ಪ್ರತಿ ಸಲವೂ ಸ್ವಲ್ಪ ಹಿಂದಕ್ಕೆ ಬರಬೇಕು. ಹಾಗೆ ಮಾಡಿದರೆ ಅಲಗು ಈಗಾಗಲೇ ಬಿದ್ದ ಜಾಡಿನೊಳಗೇ ಓಡುತ್ತದೆ, ಬದಿಗೆ ಜಾರುವುದಿಲ್ಲ.

ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಬಂದ ವಿದ್ಯುತ್ ರೂಟರ್, ಗಿರಣಿಯ ಕೆಲಸವನ್ನು ಮತ್ತೆ ಬಡಗಿಯ ಕೈಗೆ ತಂದುಕೊಟ್ಟಿತು. ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುವ ಅದರ ಅಲಗಿಗೆ, ಅಂದರೆ ಬಿಟ್‌ಗೆ, ಮರದ ಎಳೆಯ ದಿಕ್ಕಿನ ಚಿಂತೆ ಕಡಿಮೆ, ವೇಗಕ್ಕೆ ಸಾಟಿಯಿಲ್ಲ. ನಮ್ಮಲ್ಲಿ ಕೆಲಸದ ಜಾಗಕ್ಕೆ ಬರುವ ಬಡಗಿಗಳ ಬಳಿ ಇದರ ಚಿಕ್ಕ ರೂಪವಾದ ಟ್ರಿಮ್ಮರ್ ಇದ್ದೇ ಇರುತ್ತದೆ. ತೊಂದರೆ ಹೆಚ್ಚಾಗಿ ಅಲ್ಲೇ ಹುಟ್ಟುತ್ತದೆ. ಹಲಗೆಯ ಅಂಚು 19 ಮಿಲಿಮೀಟರ್ ಮಾತ್ರ. ಅಷ್ಟು ಕಿರಿದಾದ ಅಂಚಿನ ಮೇಲೆ ಯಂತ್ರ ನಿಲ್ಲಿಸಿ ನೇರ ಬಿಟ್‌ನಿಂದ ಗ್ರೂವ್ ಕೊರೆಯಲು ಹೋದರೆ ಯಂತ್ರ ಓಲಾಡುತ್ತದೆ, ಗ್ರೂವಿನ ಗೋಡೆ ಅಲ್ಲಲ್ಲಿ ಅಗಲವಾಗುತ್ತದೆ. ನಾಲ್ಕೈದು ಹಲಗೆಗಳನ್ನು ಅಂಚು ಮೇಲಾಗಿ ಒಟ್ಟಿಗೆ ಬಿಗಿದು ಅಗಲವಾದ ನೆಲೆ ಮಾಡಿಕೊಂಡರೆ ಈ ಓಲಾಟ ನಿಲ್ಲುತ್ತದೆ.

ರೂಟರನ್ನು ಮೇಜಿನ ಕೆಳಗೆ ತಲೆಕೆಳಗಾಗಿ ಕಟ್ಟಿ, 6 ಮಿಲಿಮೀಟರ್ ದಪ್ಪದ, ಚಕ್ರದಂಥ ಸ್ಲಾಟ್ ಕಟರ್ ಹಾಕಿ, ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ ಓಡಿಸುವುದು ಇನ್ನೂ ಒಳ್ಳೆಯದು. ಹಲಗೆಯನ್ನು ಬಲದಿಂದ ಎಡಕ್ಕೆ, ಕಟರಿನ ಸುತ್ತಿಗೆ ಎದುರಾಗಿ ತಳ್ಳಬೇಕು. ಕಾಣುವ ಮುಖ ಕೆಳಗಿರಲಿ. ಮೊದಲು ಎಲ್ಲ ಹಲಗೆಗಳ ಗ್ರೂವ್ ಮುಗಿಸಿ, ಬಳಿಕ ಕಟರಿನ ಎತ್ತರ ಬದಲಿಸಿ ನಾಲಗೆಯ ಒಂದು ಬದಿ, ಮತ್ತೆ ಬದಲಿಸಿ ಇನ್ನೊಂದು ಬದಿ ತೆಗೆಯಬೇಕು. ಎತ್ತರ ಬದಲಿಸುವ ಬೇಸರಕ್ಕೆ ಹಲಗೆಯನ್ನೇ ಮಗುಚಿ ಎರಡೂ ಬದಿ ತೆಗೆಯುವ ರೂಢಿ ವ್ಯಾಪಕವಾಗಿದೆ. ಮಗುಚಿದ ಕೂಡಲೇ ಅಳತೆ ಹಿಂಬದಿಯಿಂದ ಹೊರಡುತ್ತದೆ. ಅರ್ಧ ಮಿಲಿಮೀಟರ್ ದಪ್ಪವಾದ ಹಲಗೆಯ ನಾಲಗೆಯೂ ಅಷ್ಟೇ ದಪ್ಪವಾಗಿ ಬಂದು ಗ್ರೂವಿಗೆ ಹೋಗುವುದಿಲ್ಲ; ಬಡಿದು ಕೂರಿಸಿದರೆ ಮುಂದಿನ ತುಟಿ ಉಬ್ಬುತ್ತದೆ ಅಥವಾ ಸೀಳುತ್ತದೆ. ಗೋಡೆಯ ಮೇಲೆ ಬೆರಳಾಡಿಸಿದರೆ ಸಂದಿನ ಉದ್ದಕ್ಕೂ ತೆಳುವಾದ ಏಣು ತಾಕುತ್ತದೆ. ಅದು ಯಂತ್ರದ ದೋಷವಲ್ಲ, ಯಂತ್ರದ ವೇಗಕ್ಕೆ ಕ್ರಮ ಹೊಂದಿಕೊಳ್ಳದ ದೋಷ.

ನಾಲಗೆಯ ಅಳತೆಗೆ ಒಂದು ಪರೀಕ್ಷೆ ಸಾಕು. ಕೊರೆದ ತುಣುಕು ಕೈಯಿಂದ ಒತ್ತಿದರೆ ಪೂರ್ತಿ ಒಳಗೆ ಹೋಗಬೇಕು, ಸುತ್ತಿಗೆ ಬೇಕಾಗಬಾರದು, ಅಲುಗಾಡಲೂಬಾರದು. ಗ್ರೂವಿನ ಆಳ ನಾಲಗೆಯ ಉದ್ದಕ್ಕಿಂತ 1 ಮಿಲಿಮೀಟರ್ ಹೆಚ್ಚಿರಲಿ. ಇಲ್ಲದಿದ್ದರೆ ನಾಲಗೆ ತಳ ಮುಟ್ಟಿ ಮುಖದ ಸಂದು ಮುಚ್ಚುವುದೇ ಇಲ್ಲ.

ಹತ್ತರಿಯೋ ರೂಟರೋ ಎಂಬುದು ಕೆಲಸದ ಪ್ರಮಾಣದ ಪ್ರಶ್ನೆ. ಮೇಲೆ ಹೇಳಿದ ಮೂರು ಮೀಟರ್ ಗೋಡೆಗೆ 1 ಮೀಟರ್ ಎತ್ತರದವರೆಗೆ ಮಾತ್ರ ಹಲಗೆ ಹೊದಿಸುವುದಾದರೆ 25 ಮೀಟರ್ ನಾಲಗೆ, 25 ಮೀಟರ್ ಗ್ರೂವ್. ಇಷ್ಟನ್ನು ಹರಿತವಾದ ಹತ್ತರಿಯಿಂದ ದೂಳಿಲ್ಲದೆ, ಸದ್ದಿಲ್ಲದೆ ಮುಗಿಸಬಹುದು. ಹಾಗೆ ಮಾಡಿದ ಕೆಲಸ ಚೆನ್ನಾಗಿಯೂ ಇರುತ್ತದೆ. ಚಾವಣಿಯವರೆಗೆ ಹೋದರೆ ಎರಡೂ ಅರವತ್ತು ಮೀಟರ್ ದಾಟುತ್ತವೆ. ಅಲ್ಲಿ ರೂಟರ್ ಮೇಜೇ ಸರಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು.

ಆದರೆ ಹಲಗೆ ಬಾಯಿಬಿಡುವುದು ಈ ಎರಡರಿಂದಲೂ ಅಲ್ಲ. ಹತ್ತರಿಯ ಕಾಲದಲ್ಲಿ ಕೆಲಸವೇ ನಿಧಾನವಾಗಿತ್ತು. ಮರ ತಾನಾಗಿ ಆ ಊರಿನ ಗಾಳಿಗೆ ಒಗ್ಗಿಕೊಳ್ಳುತ್ತಿತ್ತು. ಈಗ ಡಿಪೋದಿಂದ ಸೋಮವಾರ ಬಂದ ಹಲಗೆ ಬುಧವಾರ ಗೋಡೆಯ ಮೇಲಿರಬೇಕು. ಮಂಗಳೂರಿನ ಗಾಳಿಗೂ ಕಲಬುರಗಿಯ ಗಾಳಿಗೂ ಇರುವ ಅಂತರವನ್ನು ಮರ ಗೋಡೆಯ ಮೇಲೆ ಕೂತೇ ಕಲಿಯುತ್ತದೆ. ಭಾರತೀಯ ಮಾನಕ ಐಎಸ್ 287 ಗಾಳಿಯ ತೇವವನ್ನು ನೋಡಿ ದೇಶವನ್ನು ನಾಲ್ಕು ವಲಯಗಳಾಗಿ ಹಂಚಿ, ಯಾವ ವಲಯದಲ್ಲಿ ಮರ ಎಷ್ಟು ಒಣಗಿರಬೇಕೆಂದು ಹೇಳುತ್ತದೆ. ಅದನ್ನು ಪಾಲಿಸಲು ಬೇಕಾದದ್ದು ತೇವಾಂಶ ಅಳೆಯುವ ಒಂದು ಚಿಕ್ಕ ಮೀಟರ್ ಮತ್ತು ಹಲಗೆಗಳ ನಡುವೆ ಪಟ್ಟಿ ಕೊಟ್ಟು ಅದೇ ಕೋಣೆಯಲ್ಲಿ ಕೆಲವು ವಾರ ಪೇರಿಸಿಡುವ ತಾಳ್ಮೆ.

ಕೂಡಿಸುವಾಗಲೂ ಋತು ನೋಡಬೇಕು. ಮಳೆಗಾಲದಲ್ಲಾದರೆ ಹಲಗೆ ಆಗಲೇ ಹಿಗ್ಗಿರುತ್ತದೆ, ತುಟಿಗೆ ತುಟಿ ತಾಗಿಸಿ ಕೂಡಿಸಬಹುದು. ಏಪ್ರಿಲ್‌ನಲ್ಲಾದರೆ ಪ್ರತಿ ಸಂದಿಗೂ 1 ಮಿಲಿಮೀಟರ್ ತಗಡು ಇಟ್ಟು ಕೂಡಿಸಿ ತಗಡನ್ನು ತೆಗೆಯಬೇಕು. ಬಣ್ಣವನ್ನೋ ಪಾಲಿಷನ್ನೋ ನಾಲಗೆಗೆ ಮೊದಲೇ ಹಚ್ಚಿರಬೇಕು. ಇಲ್ಲದಿದ್ದರೆ ಹಲಗೆ ಕುಗ್ಗಿದಾಗ ಸಂದಿಯಿಂದ ಹಸಿ ಮರದ ಬಿಳಿ ಗೆರೆ ಇಣುಕುತ್ತದೆ. ಮೊಳೆಯನ್ನು ನಾಲಗೆಯ ಬುಡದಲ್ಲಿ ಓರೆಯಾಗಿ ಹೊಡೆಯಬೇಕು. ಆಗ ಮೊಳೆ ಕಾಣುವುದಿಲ್ಲ, ಹಲಗೆಯ ಒಂದು ಅಂಚು ಮಾತ್ರ ಹಿಡಿತಕ್ಕೆ ಸಿಕ್ಕಿ ಇನ್ನೊಂದು ಅಂಚು ಸರಿದಾಡಲು ಬಿಡುವಾಗಿರುತ್ತದೆ. ಗೋಡೆಯ ಎರಡೂ ಕೊನೆಗಳಲ್ಲಿ 10 ಮಿಲಿಮೀಟರ್ ಜಾಗ ಬಿಟ್ಟು ಮೂಲೆಪಟ್ಟಿಯಿಂದ ಮುಚ್ಚುತ್ತಾರೆ. ಕೊನೆಯ ಹಲಗೆಯನ್ನು ಹಿಂದಿನದರ ನಾಲಗೆಗೆ ಏರಿಸಲು ನಾಲಗೆಯ ಉದ್ದದಷ್ಟು ಜಾಗ ಬೇಕಲ್ಲ, ಅದೂ ಆ ಹತ್ತರಲ್ಲೇ ಸಿಗುತ್ತದೆ.