ಗ್ರಂಥಾಲಯದ ಬೀಗದ ಕೈ ಯಾರ ಬಳಿ ಇದೆ?

ಶಾಲಾ ಗ್ರಂಥಾಲಯಕ್ಕೆ ಅನುದಾನ ಕೇಳುವ ಪ್ರಸ್ತಾವನೆಗಳನ್ನು ತಿದ್ದಿಕೊಡುವುದು ನನ್ನ ಕೆಲಸ. ಬಹುಪಾಲು ಅರ್ಜಿಗಳಲ್ಲಿ ಇರುವುದು ಒಂದೇ ವಾದ: ಗ್ರಂಥಾಲಯ ನಿಂತುಹೋಗಿದೆ, ಆದ್ದರಿಂದ ಹೊಸ ಪುಸ್ತಕ ಕೊಡಿಸಿ. ಯಾಕೆ ನಿಂತುಹೋಯಿತು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಎಷ್ಟು ಸಲ ಹೇಳಿದರೂ ಮುಂದಿನ ವರ್ಷ ಅದೇ ಅರ್ಜಿ ಬರುತ್ತದೆ.

ಇತ್ತೀಚೆಗೆ ಒಬ್ಬ ಮುಖ್ಯ ಶಿಕ್ಷಕಿ 1,500 ಪುಸ್ತಕ ಕೇಳಿ ಅರ್ಜಿ ತಂದಿದ್ದರು. ಬಜೆಟ್ಟಿನ ಎಂಬತ್ತು ಭಾಗ ಪುಸ್ತಕಕ್ಕೆ, ಉಳಿದದ್ದು ಗಾಜಿನ ಬೀರುಗಳಿಗೆ. ಫಲಿತಾಂಶದ ಅಂಕಣದಲ್ಲಿ ‘ಮಕ್ಕಳಲ್ಲಿ ಓದುವ ಹವ್ಯಾಸ ಬೆಳೆಯುತ್ತದೆ’ ಎಂದು ಬರೆದಿದ್ದರು. "ಮೇಡಂ, ಇಶ್ಯೂ ರಿಜಿಸ್ಟರ್ ತಂದಿದ್ದೀರಾ?" ಎಂದು ಕೇಳಿದೆ. ಮರುದಿನ ತಂದರು.

ಶಾಲೆಯಲ್ಲಿ 420 ಮಕ್ಕಳು. ಹಿಂದಿನ ವರ್ಷ ಕೊಟ್ಟ ಪುಸ್ತಕ 310. ಅದರಲ್ಲಿ 270 ಹೋಗಿದ್ದು ಮೂರೇ ತಿಂಗಳಲ್ಲಿ, ಏಳನೇ ತರಗತಿಗೆ, ಒಬ್ಬರದೇ ಕೈಬರಹದಲ್ಲಿ. ಆ ಮೇಷ್ಟರಿಗೆ ಆಗ ದಿನಕ್ಕೊಂದು ಪೀರಿಯಡ್ ಬಿಡುವಿತ್ತು. ವೇಳಾಪಟ್ಟಿ ಬದಲಾಯಿತು, ಬಿಡುವು ಹೋಯಿತು, ರಿಜಿಸ್ಟರಿನ ಮುಂದಿನ ಹಾಳೆಗಳು ಖಾಲಿ. ಕೋಣೆಗೆ ಬೀಗ. ಪುಸ್ತಕ ಕಳೆದರೆ ತಲೆಗೆ ಬರುತ್ತದೆಂದು ಬೀಗದ ಕೈಯನ್ನು ಬೇರೆ ಯಾರೂ ಮುಟ್ಟಲಿಲ್ಲ. ಇಂಥ ಕೋಣೆಗೆ 1,500 ಪುಸ್ತಕ ಬಂದರೂ ಅವೂ ಬೀಗದ ಒಳಗೇ ಇರುತ್ತವೆ.

ಆಮೇಲೆ ದಾಸ್ತಾನು ಎಣಿಸಿದೆವು. ಶಾಲೆಗೆ ಬಂದ ಪುಸ್ತಕವನ್ನೆಲ್ಲ ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನಲ್ಲಿ 3,100 ಪುಸ್ತಕ, ಕೈಗೆ ಸಿಕ್ಕಿದ್ದು 2,300. ಹಳೆಯ ಪಠ್ಯಪುಸ್ತಕ, ಗೈಡು, ಗೆದ್ದಲು ಹಿಡಿದವು ಎಲ್ಲ ಸೇರಿ 950 ತೆಗೆದಿಟ್ಟ ಮೇಲೆ ಓದಲು ಯೋಗ್ಯವಾದವು 1,350 ಉಳಿದವು. ಅವುಗಳಲ್ಲಿ ಒಂದರಿಂದ ನಾಲ್ಕನೇ ತರಗತಿಯವರು ಓದುವಂಥವು ಬರೀ 180. ಆ ತರಗತಿಗಳಲ್ಲಿ 210 ಮಕ್ಕಳಿದ್ದಾರೆ. ತಲೆಗೊಂದರಂತೆ ಕೊಡಲು ಹೊರಟರೂ ಕಪಾಟು ಖಾಲಿಯಾಗಿ 30 ಮಕ್ಕಳು ಬರಿಗೈಯಲ್ಲಿ ನಿಲ್ಲುತ್ತಾರೆ. ಹಾಗಾಗಿ ಚಿಕ್ಕವರಿಗೆಂದೇ 500 ಪುಸ್ತಕ ಕೇಳಿದೆವು. 210 ಮಕ್ಕಳ ಕೈಗೆ ಹೋದ ಮೇಲೂ ಆರಿಸಿಕೊಳ್ಳಲು 470 ಉಳಿಯುತ್ತವೆ. ಬಜೆಟ್ ಸಮರ್ಥನೆ ಎಂದರೆ ಇಷ್ಟೇ: 500 ಯಾಕೆ, 400 ಯಾಕಲ್ಲ ಎಂದು ಕೇಳಿದವರಿಗೆ ಎಣಿಕೆಯಿಂದಲೇ ಉತ್ತರ ಸಿಗಬೇಕು. ‘ಪುಸ್ತಕಗಳು ಅಗತ್ಯ’ ಎಂದು ಬರೆದರೆ ಅದು ಸಮರ್ಥನೆಯಾಗುವುದಿಲ್ಲ.

ಹೊಸ ಬಜೆಟ್ಟಿನ ನೂರು ಭಾಗದಲ್ಲಿ ಪುಸ್ತಕಕ್ಕೆ 40, ದಿನಕ್ಕೆ ನಾಲ್ಕು ಗಂಟೆ ಕೋಣೆ ತೆರೆದಿಡುವ ಸಹಾಯಕಿಯ ಗೌರವಧನಕ್ಕೆ 40, ಬೈಂಡಿಂಗ್ ಮತ್ತು ಹೊದಿಕೆಗೆ 10, ಮಕ್ಕಳ ಕೈಗೆಟುಕುವ ತೆರೆದ ಕಪಾಟಿಗೆ 10. ಗಾಜಿನ ಬೀರು ಬಿಟ್ಟೆವು. ಚಿಲ್ಲರೆ ಖರ್ಚಿಗೆಂದು ಹಾಕುವ ‘ಸಾದಿಲ್ವಾರು’ ಎಂಬ ಸಾಲನ್ನೂ ತೆಗೆದೆ, ಪರಿಶೀಲಕರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಈ ಪಾಲು ಎಲ್ಲ ಶಾಲೆಗೂ ಹೊಂದುತ್ತದೆ ಎನ್ನಲಾರೆ. ಕೆಲವು ದಾನಿ ಸಂಸ್ಥೆಗಳು ಗೌರವಧನ ಕೊಡುವುದೇ ಇಲ್ಲ, ಆಗ ಶಾಲೆ ತನ್ನ ಪಾಲಾಗಿ ಯಾರ ಯಾವ ಪೀರಿಯಡ್ ಬಿಟ್ಟುಕೊಡುತ್ತದೆ ಎಂದು ಬರೆದು ತೋರಿಸಬೇಕು. ಅನುದಾನ ಮುಗಿದ ಮೇಲೆ ಕೋಣೆ ತೆರೆಯುವವರು ಯಾರು ಎಂಬ ಪ್ರಶ್ನೆಗೂ ಉತ್ತರ ಅದೇ.

ಇನ್ನು ಫಲಿತಾಂಶ. ವರ್ಷದಲ್ಲಿ 36 ವಾರ ಪಾಠ ನಡೆದು, ಮಗು ಹದಿನೈದು ದಿನಕ್ಕೊಮ್ಮೆ ಪುಸ್ತಕ ಬದಲಿಸಿದರೆ 18 ಪುಸ್ತಕವಾಗುತ್ತದೆ. ಪರೀಕ್ಷೆ, ಗೈರುಹಾಜರಿ ಎಲ್ಲ ಇರುತ್ತವೆ, ಮೊದಲ ವರ್ಷ ಅರ್ಧವಾದರೆ ಸಾಕು. 420 ಮಕ್ಕಳಿಗೆ ಒಂಬತ್ತರಂತೆ 3,780. ಮೇಡಂ ಗಾಬರಿಯಾದರು, "310 ಎಲ್ಲಿ, ಇದೆಲ್ಲಿ!" ಆದರೆ ಆ 310 ಬೀಗ ಹಾಕಿದ ಕೋಣೆಯ ಲೆಕ್ಕ. ಒಟ್ಟು ಸಂಖ್ಯೆಯೊಂದನ್ನೇ ನಂಬುವಂತಿಲ್ಲ ಎಂಬುದೂ ನಿಜ, ಓದುವ ಹುಚ್ಚಿನ ಐವತ್ತು ಮಕ್ಕಳೇ ಅದನ್ನು ಎಲ್ಲಿಗೋ ಏರಿಸಿಬಿಡುತ್ತಾರೆ. ಅದಕ್ಕೇ ಜೊತೆಗೆ ಇನ್ನೊಂದು ಸಾಲು ಸೇರಿಸಿದೆವು: ಕನಿಷ್ಠ 315 ಮಕ್ಕಳು, ಅಂದರೆ ಮುಕ್ಕಾಲು ಪಾಲು, ತಲಾ ಐದು ಪುಸ್ತಕವಾದರೂ ಒಯ್ದಿರಬೇಕು. ಮನೆಗೊಯ್ದ ಪುಸ್ತಕವನ್ನೆಲ್ಲ ಮಕ್ಕಳು ಓದಿರುತ್ತಾರೆ ಅಂತಲ್ಲ. ತಿಂಗಳಿಗೊಮ್ಮೆ ಪ್ರತಿ ತರಗತಿಯ ಐವರನ್ನು ಕೂರಿಸಿಕೊಂಡು, ಹಿಂತಿರುಗಿಸಿದ ಪುಸ್ತಕದ ಬಗ್ಗೆ ಎರಡು ನಿಮಿಷ ಮಾತಾಡಿಸಿ ಬರೆದಿಡುವುದು ಎಂದಾಯಿತು. ಪರೀಕ್ಷೆಯ ಅಂಕ ಏರುತ್ತದೆಂಬ ಭರವಸೆಯನ್ನು ಹೊಡೆದುಹಾಕಿದೆ. ಏರಿದರೂ ಅದು ಗ್ರಂಥಾಲಯದಿಂದಲೇ ಎಂದು ಒಂದು ವರ್ಷದಲ್ಲಿ ತೋರಿಸಲು ಆಗುವುದಿಲ್ಲ.

ಕೊನೆಗೆ, ವರ್ಷಕ್ಕೆ ನೂರಕ್ಕೆ ಐದು ಪುಸ್ತಕದವರೆಗೆ ಹರಿದರೂ ಕಳೆದರೂ ಯಾರಿಂದಲೂ ವಸೂಲಿ ಇಲ್ಲ ಎಂಬ ಶಾಲಾ ಸಮಿತಿಯ ಠರಾವನ್ನು ಅರ್ಜಿಗೆ ಲಗತ್ತಿಸಲು ಹೇಳಿದೆ. ಠರಾವಾದ ಸಂಜೆಯೇ ಫೋನ್ ಬಂತು. ಅನುದಾನದ ಸುದ್ದಿ ಇನ್ನೂ ಇರಲಿಲ್ಲ. ಏಳನೇ ತರಗತಿಯ ಆ ಮೇಷ್ಟರು ಬೀಗದ ಕೈಯನ್ನು ಸ್ಟಾಫ್ ರೂಮಿನ ಮೊಳೆಗೆ ನೇತುಹಾಕಿದ್ದರಂತೆ.